ಫರಸಿ ಮೇಲೆ ಬಂಗಾರ

ಯುಗಾದಿ ಹತ್ತಿರ ಬಂತೆಂದರೆ ಭಂಕೂರದ ಕಡೆ ಬಿಸಿಲು ಬೆಳಗಿನ ಒಂಬತ್ತಕ್ಕೇ ನೆತ್ತಿ ಸುಡುತ್ತದೆ. ಗಣಿಯಿಂದ ಎದ್ದ ಫರಸಿಗಳು ಪದರು ಪದರಾಗಿ ಗೋಡೆಗೊರಗಿ ನಿಂತಿರುತ್ತವೆ. ಅವುಗಳ ಬೂದು ಬಣ್ಣಕ್ಕೆ ಬಿಸಿಲು ಬಿದ್ದರೂ ಹೊಳಪು ಬರುವುದಿಲ್ಲ, ಬೆಳಕನ್ನು ಕುಡಿದು ಸುಮ್ಮನಿರುತ್ತವೆ. ಲಾರಿ ಹೋದಾಗೊಮ್ಮೆ ಬಿಳಿ ಧೂಳು ಎದ್ದು ಮತ್ತೆ ಅದೇ ಕಲ್ಲಿನ ಮೇಲೆ ಕೂಡುತ್ತದೆ. ಶಹಾಬಾದ್ ಕಲ್ಲು ಎಂದು ದೇಶವೆಲ್ಲ ಕರೆಯುವುದು ಇದನ್ನೇ. ನಮ್ಮಲ್ಲಿ ಅದು ಮನೆಯ ನೆಲ, ಅಂಗಡಿಯ ಮೆಟ್ಟಿಲು, ಬಚ್ಚಲ ಹಾಸು.

ನಾನು ಹೋದ ಬಂಗಾರದ ಅಂಗಡಿಯ ಮೆಟ್ಟಿಲೂ ಫರಸಿಯದೇ. ಒಳಗೆ ಗಾಜಿನ ಕೌಂಟರು, ಅದರ ಮೇಲೆ ಗಾಜಿನ ಗೂಡಿನೊಳಗೆ ಕೂತ ಎಲೆಕ್ಟ್ರಾನಿಕ್ ತೂಕದ ಯಂತ್ರ, ಹಿಂದಿನ ಗೋಡೆಯಲ್ಲಿ ಲಕ್ಷ್ಮಿ, ಪಕ್ಕದಲ್ಲಿ ಬಸವಣ್ಣ, ಅವರಿಬ್ಬರ ನಡುವೆ ಪಂಚಾಂಗದ ಕ್ಯಾಲೆಂಡರು. ಎಡಕ್ಕೆ ಒಂದು ಪುಟ್ಟ ಕೋಣೆ. ಅಲ್ಲಿ ಪತ್ತಾರರು ತಗ್ಗು ಮಣೆಯ ಮುಂದೆ ಕೂತಿರುತ್ತಾರೆ. ಅಂಗಡಿಯ ಸಾವಕಾರರು ನನ್ನ ಮುಂದೆ ಫೋನು ಚಾಚಿದರು. ದೊಡ್ಡ ಕಂಪನಿಯೊಂದರ ಜಾಹೀರಾತು ಓಡುತ್ತಿತ್ತು. ಅರಮನೆ, ಆನೆ, ಮೆಟ್ಟಿಲಿಳಿಯುವ ವಧು, ಹಿಂದೆ ವೀಣೆ.

‘ತಮ್ಮಾ, ನಮ್ದೂ ಒಂದ್ ಹಿಂತಾವು ಮಾಡಿಕೊಡ್ರಿ. ಒಂದ್ ತಿಂಗಳ ದಿನಾ ಒಂದು ಬರ್ಲಿ.’

‘ಸಾವಕಾರ್ರೇ, ಇವತ್ತೊಂದಿನ ಇಲ್ಲೇ ಕೂಡ್ತೀನ್ರಿ. ಆಮ್ಯಾಲ ಬರದು ಕೊಡ್ತೀನಿ’ ಎಂದೆ.

ಈ ಭಾಗದ ಅಂಗಡಿಗಳಿಗೆ ಸಣ್ಣ ವಿಡಿಯೊ ಮಾಡಿಕೊಡುವುದು ನನ್ನ ಕೆಲಸ. ಯಾವ ಅಂಗಡಿಗೇ ಆಗಲಿ, ಯೋಜನೆ ಬರೆಯುವ ಮೊದಲು ಕೌಂಟರಿನ ಈಚೆ ಬದಿಗೆ, ಗಿರಾಕಿಗಳು ಕೂಡುವ ಬೆಂಚಿನ ಮೇಲೆ ಕೂಡುತ್ತೇನೆ. ಅಂದೂ ಹಾಗೆ ಕೂತಾಗ ಚಿತ್ತಾಪುರದ ಕಡೆಯ ತಾಯಿ ಮತ್ತು ಮಗ ಬಂದರು. ತೊಗರಿ ಮಾರಿದ ದುಡ್ಡು ಸೆರಗಿನ ಗಂಟಿನಲ್ಲಿತ್ತು. ಮಗಳ ಮದುವೆ ವೈಶಾಖದಲ್ಲಿ. ಸರ ನೋಡಿದರು, ಮುಟ್ಟಿದರು, ಮಗಳ ಕುತ್ತಿಗೆಯ ಅಳತೆ ನೆನೆದರು. ಆಮೇಲೆ ತಾಯಿ ಮಗನ ಕಿವಿಯ ಹತ್ತಿರ ಬಾಗಿ ಕೇಳಿದಳು: ‘ಮಜೂರಿ ಎಷ್ಟ್ ಹಚ್ತಾರಂತ ಕೇಳು.’ ಮಗ ಕೇಳಲಿಲ್ಲ. ಕೇಳಿದರೆ ತನಗೆ ಗೊತ್ತಿಲ್ಲವೆಂದು ತಿಳಿದುಬಿಡುತ್ತಾರೆಂಬ ಸಂಕೋಚ ಅವನ ಮುಖದಲ್ಲೇ ಇತ್ತು. ಬಿಲ್ಲು ಬಂದಾಗ ಇಬ್ಬರೂ ಕೊನೆಯ ಸಾಲನ್ನು ಮಾತ್ರ ನೋಡಿದರು.

ಸಂಜೆಯವರೆಗೆ ಇಂಥ ನುಂಗಿದ ಪ್ರಶ್ನೆಗಳನ್ನೇ ಬರೆದುಕೊಂಡೆ. ಈ ಮುದ್ರೆ ಖರೆನೋ ಸುಳ್ಳೋ? ಕಲ್ಲಿನ ತೂಕಕ್ಕೂ ಬಂಗಾರದ ರೊಕ್ಕ ಕೊಡಬೇಕೇನು? ನಾಳೆ ಕಷ್ಟ ಬಂದು ತಿರುಗಿ ತಂದರೆ ಎಷ್ಟು ಕೊಡ್ತೀರಿ? ಹಳೇದು ಕರಗಿಸಿದಾಗ ಕಣ್ಮುಂದೆ ಕರಗಿಸ್ತೀರೋ ಒಳಗ ಒಯ್ತೀರೋ? ಅರಮನೆ, ಆನೆ ಇವುಗಳಲ್ಲಿ ಒಂದಕ್ಕೂ ಉತ್ತರವಲ್ಲ. ನಾನು ಬರೆದ ಎರಡು ಪುಟದ ಟಿಪ್ಪಣಿಯ ಮೊದಲ ಸಾಲು ಹೀಗಿತ್ತು: ‘ಈ ತಿಂಗಳ ವಿಡಿಯೊಗಳು ಒಡವೆಯನ್ನು ತೋರಿಸುವುದಕ್ಕಲ್ಲ, ಗಿರಾಕಿ ಕೌಂಟರಿನಲ್ಲಿ ಕೇಳಲು ಹಿಂಜರಿಯುವುದನ್ನು ಅಂಗಡಿಯೇ ಮುಂದಾಗಿ ಹೇಳುವುದಕ್ಕೆ.’

ತಿಂಗಳನ್ನು ಒಂದನೇ ತಾರೀಖಿನಿಂದ ಎಣಿಸಲಿಲ್ಲ. ಯುಗಾದಿಯ ಪಾಡ್ಯದಿಂದ ಅಕ್ಷಯ ತದಿಗೆಯವರೆಗೆ ಹಿಡಿದೆ. ಚೈತ್ರ ಪೂರ್ತಿ, ವೈಶಾಖದ ಮೊದಲ ಮೂರು ದಿನ. ಪೇಟೆಗಳಲ್ಲಿ ಅಕ್ಷಯ ತದಿಗೆ ಎಂದರೆ ಬಂಗಾರದ ದಿನ, ಅಷ್ಟೇ. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯಲ್ಲಿ ಅದು ಮೊದಲು ಬಸವ ಜಯಂತಿ. ಎತ್ತುಗಳಿಗೆ ಝೂಲ ಹಾಕಿ ಮೆರವಣಿಗೆ ತೆಗೆಯುವ ದಿನ. ಇದನ್ನು ಮರೆತು ಬೇರೆ ಊರಿನ ಅಂಗಡಿಯ ಯೋಜನೆಯನ್ನು ನಕಲು ಹೊಡೆದರೆ, ಹಬ್ಬದ ದಿನ ಊರೆಲ್ಲ ಒಂದು ಕಡೆ, ಅಂಗಡಿಯ ವಿಡಿಯೊ ಇನ್ನೊಂದು ಕಡೆ ಇರುತ್ತದೆ. ರೊಕ್ಕದ ಲೆಕ್ಕದಲ್ಲೂ ಈ ತಿಂಗಳೇ ಸರಿ. ತೊಗರಿಯ ರಾಶಿ ಮುಗಿದು, ಮಾರಾಟವಾಗಿ, ಸಾಲ ತೀರಿ, ಉಳಿದದ್ದು ಕೈಯಲ್ಲಿರುವ ಕಾಲ. ಮುಂದೆ ಮುಂಗಾರಿನ ಬೀಜ ಗೊಬ್ಬರಕ್ಕೆ ಕೈ ಹಾಕುವ ಮೊದಲಿನ ಬಿಡುವು.

ದಿನಕ್ಕೊಂದು ವಿಡಿಯೊ ಬೇಡವೆಂದು ಬರೆದೆ. ವಾರಕ್ಕೆ ಮೂರು, ನಾಲ್ಕು ವಾರಕ್ಕೆ ಹನ್ನೆರಡು, ಹಬ್ಬದ ದಿನಕ್ಕೆ ಒಂದು. ಇಬ್ಬರು ನೌಕರರು, ಒಬ್ಬ ಪತ್ತಾರರು ಇರುವ ಅಂಗಡಿ ದಿನಾ ಒಂದು ಮಾಡಲು ಹೊರಟರೆ ಮೊದಲ ವಾರ ಉತ್ಸಾಹದಿಂದ ಮಾಡುತ್ತದೆ, ಎರಡನೇ ವಾರ ಕೌಂಟರಿನ ತುಂಬ ಸರ ಹರಡಿ ಸಿನಿಮಾ ಹಾಡು ಹಚ್ಚುತ್ತದೆ, ಮೂರನೇ ವಾರ ನಿಲ್ಲುತ್ತದೆ. ವಾರಕ್ಕೊಂದು ಬೆಳಗು ಚಿತ್ರೀಕರಣ, ಅದರಲ್ಲೇ ಮೂರೂ ಮುಗಿಯಬೇಕು.

ಹಾಕುವ ದಿನಗಳನ್ನೂ ಊರಿನ ನಡಿಗೆ ನೋಡಿಯೇ ಆರಿಸಿದೆ. ಸೋಮವಾರ ಈ ಕಡೆ ಎತ್ತಿಗೆ ನೊಗ ಹೂಡುವುದಿಲ್ಲ, ಹೊಲದವರು ಊರಲ್ಲಿರುತ್ತಾರೆ. ಆ ಸಂಜೆ ಲೆಕ್ಕದ ವಿಡಿಯೊ, ಗಂಡಸರೂ ಹೆಂಗಸರೂ ಕೂಡಿ ನೋಡುವಂಥದ್ದು. ಗುರುವಾರ ರಾತ್ರಿ ಊಟದ ಹೊತ್ತಿಗೆ ಪತ್ತಾರರ ಕೈಕೆಲಸ, ಮಾತು ಕಡಿಮೆ ಇರುವುದು. ಆದಿತ್ಯವಾರ ಮಧ್ಯಾಹ್ನ ಬಿಸಿಲಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋದ ಮಕ್ಕಳು ಮನೆಗೆ ಫೋನು ಮಾಡುವುದೂ ಆಗಲೇ. ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಹೋದ ಆ ಮಕ್ಕಳು ನನ್ನ ಲೆಕ್ಕದಲ್ಲಿ ದೊಡ್ಡ ಗಿರಾಕಿಗಳು. ರೊಕ್ಕ ಕಳಿಸುವವರು ಅವರು, ಅಂಗಡಿಗೆ ಬರುವವಳು ಅವ್ವ. ಮಗ ಅಲ್ಲಿಂದ ವಿಡಿಯೊ ಕಳಿಸಿ ‘ಅವ್ವಾ, ಇದರೊಳಗ ಹೇಳಿದಂಗ ಕೇಳಿ ತಗೋ’ ಎಂದರೆ ವಿಡಿಯೊದ ಕೆಲಸ ಆಯಿತು. ಸಿಮೆಂಟ್ ಕಾರ್ಖಾನೆಯವರ ಪಾಳಿ ವಾರವಾರ ಬದಲಾಗುವುದರಿಂದ ಅವರಿಗೆ ತಕ್ಕ ಒಂದೇ ಹೊತ್ತು ಸಿಗುವುದಿಲ್ಲ. ಅದಕ್ಕೇ ಪ್ರತಿ ವಿಡಿಯೊವನ್ನು ಮರುದಿನ ಬೆಳಿಗ್ಗೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಮತ್ತೊಮ್ಮೆ ಹಾಕಬೇಕೆಂದು ಸೇರಿಸಿದೆ.

ಸ್ಟೇಟಸ್ಸಿನ ಮಾತು ಬಂದಾಗ ಸಾವಕಾರರು ದಿನದ ದರವನ್ನು ವಿಡಿಯೊದಲ್ಲೇ ದೊಡ್ಡದಾಗಿ ಬರೆಯಿರಿ ಎಂದರು. ಅದು ಬೇಡವೆಂದು ಟಿಪ್ಪಣಿಯಲ್ಲಿ ಅಡಿಗೆರೆ ಎಳೆದಿದ್ದೆ. ರೀಲು ಹಾಕಿದ ದಿನವೇ ಎಲ್ಲರಿಗೂ ಕಾಣುವುದಿಲ್ಲ. ಕೆಲವರ ಫೋನಿಗೆ ಅದು ಮೂರು ವಾರ ಬಿಟ್ಟು ಬರುತ್ತದೆ. ಅಷ್ಟರಲ್ಲಿ ದರ ಏರಿರುತ್ತದೆ. ವಿಡಿಯೊ ಹಿಡಿದುಕೊಂಡು ಬಂದವರಿಗೆ ‘ಅದು ಅವತ್ತಿಂದ್ರಿ’ ಎಂದರೆ ಅಂಗಡಿಯೇ ಮಾತು ತಪ್ಪಿದಂತೆ ಕಾಣುತ್ತದೆ. ಸ್ಟೇಟಸ್ಸು ಇಪ್ಪತ್ನಾಲ್ಕು ತಾಸಿಗೆ ತಾನೇ ಅಳಿಯುತ್ತದೆ. ದಿನದ ದರದ ಆಯುಸ್ಸೂ ಅಷ್ಟೇ. ದರಕ್ಕೆ ಸ್ಟೇಟಸ್ಸು, ದರ ಕಟ್ಟುವ ರೀತಿಗೆ ರೀಲು.

ಮೊದಲ ವಾರದ ಸೋಮವಾರಕ್ಕೆ ಬಿಲ್ಲು. ಅದನ್ನು ಟಿಪ್ಪಣಿಯಲ್ಲಿ ಪೂರ್ತಿ ಬಿಡಿಸಿ ಬರೆದೆ. ಕ್ಯಾಮೆರಾ ಬಿಲ್ಲಿನ ಹಾಳೆಯ ನೇರ ಮೇಲಿರುತ್ತದೆ. ಸಾವಕಾರರ ಕೈ, ಪೆನ್ನು, ಹಾಳೆ, ಪಕ್ಕದಲ್ಲಿ ಎಂಟು ಗ್ರಾಮಿನ ಒಂದು ಸರ, ಬೇರೇನೂ ಇಲ್ಲ. ‘ಲೆಕ್ಕಕ್ಕ ಸಲೀಸಾಗ್ಲಿ ಅಂತ ಗ್ರಾಮಿಗೆ ಹತ್ತು ಸಾವಿರ ಹಿಡ್ಯೋಣ್ರಿ, ಇದು ಇವತ್ತಿನ ದರ ಅಲ್ಲ’ ಎಂದು ಮೊದಲೇ ಹೇಳಬೇಕು, ಪರದೆಯ ಮೇಲೂ ಬರೆಯಬೇಕು. ಎಂಟು ಗ್ರಾಮಿಗೆ 80,000. ಮಜೂರಿ ಶೇಕಡಾ 10 ಎಂದರೆ 8,000. ಎರಡೂ ಕೂಡಿ 88,000. ಅದರ ಮೇಲೆ ಶೇಕಡಾ 3 ಜಿಎಸ್‌ಟಿ 2,640. ಅಲ್ಲಿಗೆ 90,640. ಹಾಲ್‌ಮಾರ್ಕ್ ಶುಲ್ಕ ಒಂದು ನಗಕ್ಕೆ 45 ರೂಪಾಯಿ ಮತ್ತು ಅದರ ತೆರಿಗೆ ಬೇರೆ. ಪೆನ್ನು ಒಂದೊಂದು ಸಾಲು ಬರೆದಂತೆ ಮಾತೂ ಬರಬೇಕು. ನಲವತ್ತು ಸೆಕೆಂಡಿನಲ್ಲಿ ಇಷ್ಟು ಆರಾಮಾಗಿ ಮುಗಿಯುತ್ತದೆ.

ಇದರ ಜೋಡಿ ವಿಡಿಯೊ ಆದಿತ್ಯವಾರದ್ದು. ಅದೇ ಸರ, ಅದೇ ಹಾಳೆ. ತಿರುಗಿ ಮಾರಲು ಬಂದರೆ ಏನು ಬರುತ್ತದೆ? ಮಜೂರಿಯ 8,000ದ ಮೇಲೆ, ತೆರಿಗೆಯ 2,640ರ ಮೇಲೆ ಪೆನ್ನು ಅಡ್ಡಗೆರೆ ಎಳೆಯುತ್ತದೆ. ಉಳಿಯುವುದು ಬಂಗಾರದ ತೂಕ, ಆ ದಿನದ ದರ, ಅದರಲ್ಲಿ ಅಂಗಡಿ ಮುರಿದುಕೊಳ್ಳುವುದಿದ್ದರೆ ಅದನ್ನು ಕಳೆದದ್ದು.

ಇದನ್ನು ಓದಿ ಸಾವಕಾರರು ಕನ್ನಡಕ ತೆಗೆದರು. ‘ಇದನ್ನ ನಾವಾ ಹೇಳಿದ್ರ ಗಿರಾಕಿ ಹೆದರಿ ಹೋಗ್ತಾರಲ್ರಿ ತಮ್ಮಾ.’

‘ನೀವು ಹೇಳ್ಲಿಲ್ಲಂದ್ರ ತಿರುಗಿ ತಂದ ದಿನ ಅವರಿಗೆ ಗೊತ್ತಾಗ್ತದ್ರಿ. ಅವತ್ತು ಹೋದವ್ರು ಮತ್ತ ಬರಂಗಿಲ್ಲ. ಮೊದಲಾ ಗೊತ್ತಿದ್ರ ಮಜೂರಿ ಕಡಿಮಿ ಇರೋ ಸಾದಾ ಸರ ತಗೋಬೇಕೋ, ಕೆಲಸ ಹೆಚ್ಚಿರೋದು ತಗೋಬೇಕೋ ಅಂತ ಅವರಾ ನಿರ್ಧಾರ ಮಾಡ್ತಾರ.’

ಅವರು ಕೂಡಲೇ ಒಪ್ಪಲಿಲ್ಲ. ‘ಎಷ್ಟು ಮುರಕೋತೀವಿ ಅನ್ನೋದನ್ನ ನಾನು ಹೇಳಾಂವಲ್ಲ’ ಎಂದರು. ಒಂದು ಗಳಿಗೆ ಕ್ಯಾಲೆಂಡರು ನೋಡುತ್ತ ಕೂತರು. ಆಮೇಲೆ ಪೆನ್ನು ತೆಗೆದುಕೊಂಡು ಟಿಪ್ಪಣಿಯ ಅಂಚಿಗೆ ತಾವೇ ಬರೆದರು: ‘ನಮ್ಮ ಅಂಗಡಿಯ ಬಿಲ್ಲು ತಂದರೆ ಮುರಿಯುವುದಿಲ್ಲ.’ ನನ್ನ ಟಿಪ್ಪಣಿಯಲ್ಲಿ ಅದಕ್ಕಿಂತ ಒಳ್ಳೆಯ ಸಾಲು ಇರಲಿಲ್ಲ. ಕ್ಯಾಮೆರಾದ ಮುಂದೆ ಹೇಳಿದ್ದನ್ನು ಕೌಂಟರಿನಲ್ಲಿ ನಡೆಸಲೇಬೇಕು ಎಂಬುದನ್ನು ಮಾತ್ರ ನೆನಪಿಸಿದೆ. ತಲೆಯಾಡಿಸಿದರು.

ಎರಡನೇ ವಾರದ ತಿರುಳು ಹಾಲ್‌ಮಾರ್ಕ್. 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾದದ್ದು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಎಂದರೆ ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಇರುವುದೇ. ಒಡವೆಯ ಮೇಲೆ ಮೂರು ಗುರುತು ಇರಬೇಕು: ಬಿಐಎಸ್‌ನ ತ್ರಿಕೋನ ಲಾಂಛನ, ಶುದ್ಧತೆ (22 ಕ್ಯಾರೆಟ್ಟಿಗೆ 22K916), ಆ ನಗಕ್ಕೆ ಮಾತ್ರ ಸೇರಿದ ಎಚ್‌ಯುಐಡಿ. ಇಷ್ಟನ್ನು ಎಲ್ಲ ಅಂಗಡಿಯವರೂ ಹೇಳುತ್ತಾರೆ. ಯಾರೂ ತೋರಿಸದೇ ಇರುವುದು ಅದನ್ನು ಓದುವ ಬಗೆ. ಯಾಕೆಂದರೆ ಅದು ಬರಿಗಣ್ಣಿಗೆ ಗೀರಿನಂತೆ ಕಾಣುವಷ್ಟು ಸಣ್ಣದು, ಲೇಸರಿನಲ್ಲಿ ಕೊರೆದದ್ದು.

ಚಿತ್ರ ತೆಗೆಯುವ ಕಷ್ಟವೂ ಅಲ್ಲೇ. ಸಾಮಾನ್ಯ ಫೋನನ್ನು ಉಂಗುರದ ಹತ್ತಿರ ಒಯ್ದಷ್ಟೂ ಚಿತ್ರ ಮಸುಕಾಗುತ್ತದೆ, ಯಾಕೆಂದರೆ ಅದರ ಮಸೂರಕ್ಕೆ ಒಂದು ಅಂತರದ ಒಳಗೆ ನೋಟ ನಿಲ್ಲುವುದಿಲ್ಲ. ಉಪಾಯ ಪತ್ತಾರರ ಮಣೆಯ ಮೇಲೇ ಇತ್ತು. ಕಣ್ಣಿಗೆ ಇಟ್ಟುಕೊಂಡು ನೋಡುವ ಅವರ ಭೂತಗನ್ನಡಿಯನ್ನು ಫೋನಿನ ಮಸೂರಕ್ಕೆ ಒತ್ತಿ ಹಿಡಿದೆವು. ಉಂಗುರವನ್ನು ಫರಸಿಯ ಚೂರಿನ ಮೇಲೆ ಇಟ್ಟು ಹಿಂದೆ ಮುಂದೆ ಕೂದಲೆಳೆಯಷ್ಟು ಸರಿಸಿದಾಗ ಗೀರು ಅಕ್ಷರವಾಯಿತು. ತ್ರಿಕೋನ, 22K916, ಮುಂದೆ ಆರು ಗುರುತು. ಕೌಂಟರಿನ ಆಚೆ ನಿಂತಿದ್ದ ಹುಡುಗ, ಆ ಅಂಗಡಿಯಲ್ಲೇ ದುಡಿಯುವವನು, ‘ಇಷ್ಟ್ ಸ್ವಚ್ಛ ನಾನೂ ನೋಡಿದ್ದಿಲ್ರಿ’ ಎಂದ.

ಫರಸಿಯ ಚೂರಿನ ಮಾತು ಹೇಳಲೇಬೇಕು. ಅಂಗಡಿಯವರು ಒಡವೆಯನ್ನು ಕೆಂಪು ಮಖಮಲ್ಲಿನ ಮೇಲೆ ಇಡುತ್ತಾರೆ, ಕಣ್ಣಿಗೆ ಅದು ಚೆಂದ. ಕ್ಯಾಮೆರಾಕ್ಕೆ ಅಲ್ಲ. ಕೆಂಪು ಬಟ್ಟೆ ತನ್ನ ಬಣ್ಣವನ್ನು ಬಂಗಾರದೊಳಗೆ ಎಸೆಯುತ್ತದೆ, ಫೋನು ಅದನ್ನು ಸರಿಪಡಿಸಲು ಹೋಗಿ ಬಂಗಾರವನ್ನು ಹಸಿರು ಮಾಡುತ್ತದೋ ಬಿಳಿಚಿಸುತ್ತದೋ ಹೇಳಲಾಗದು. ಕಪ್ಪು ಬಟ್ಟೆಯ ಮೇಲೆ ಇಟ್ಟರೆ ಫೋನು ಕತ್ತಲೆಯೆಂದು ತಿಳಿದು ಬೆಳಕು ಏರಿಸುತ್ತದೆ, ಕೆತ್ತನೆಯೆಲ್ಲ ಉರಿದು ಹಳದಿ ಮುದ್ದೆಯಾಗುತ್ತದೆ. ಪಾಲಿಶ್ ಮಾಡದ ಶಹಾಬಾದ್ ಕಲ್ಲು ನಡುವಿನ ಬೂದು. ಹೊಳೆಯುವುದಿಲ್ಲ, ಬಣ್ಣ ಬಿಡುವುದಿಲ್ಲ. ಅದರ ಮೇಲೆ ಬಂಗಾರ ಬಂಗಾರದ ಬಣ್ಣದಲ್ಲೇ ಕಾಣುತ್ತದೆ. ನೋಡಿದ ಕೂಡಲೇ ಇದು ನಮ್ಮ ಕಡೆಯದು ಎಂದೂ ತಿಳಿಯುತ್ತದೆ. ಹದಿಮೂರೂ ವಿಡಿಯೊಗಳಿಗೆ ಅದೇ ಕಲ್ಲು ನೆಲವಾಗಲಿ ಎಂದು ಬರೆದೆ.

ಬೆಳಕಿಗೆ ಎರಡೇ ಸೂಚನೆ. ಅಂಗಡಿಯ ಎಲ್‌ಇಡಿ ದೀಪಗಳ ಕೆಳಗೆ ತೆಗೆದರೆ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಜಾರುತ್ತವೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು, ದೀಪ ಅದರ ಇಮ್ಮಡಿ ತಾಳಕ್ಕೆ ಮಿನುಗುತ್ತದೆ. ಫೋನಿನಲ್ಲಿ ಶಟರನ್ನು 1/50 ಅಥವಾ 1/100ಕ್ಕೆ ನಿಲ್ಲಿಸಿದರೆ ಪಟ್ಟಿ ಮಾಯ. ಅದಕ್ಕಿಂತ ಒಳ್ಳೆಯದು, ದೀಪ ಆರಿಸಿ ಬಾಗಿಲ ಹತ್ತಿರದ ನೆರಳಿನಲ್ಲಿ, ಬಿಸಿಲು ಒಳಗೆ ಬೀಳುವ ಮೊದಲು ತೆಗೆಯುವುದು. ಒಡವೆಯ ಮೇಲೆ ಬೆರಳೊತ್ತಿ ಹಿಡಿದರೆ ಫೋನು ನೋಟವನ್ನೂ ಬೆಳಕನ್ನೂ ಬಿಗಿದುಕೊಳ್ಳುತ್ತದೆ. ಆಮೇಲೆ ಬೆಳಕನ್ನು ಸ್ವಲ್ಪ ಇಳಿಸಬೇಕು. ಪರದೆಯಲ್ಲಿ ಒಂಚೂರು ಮಂಕಾಗಿ ಕಂಡಾಗಲೇ ಕೆತ್ತನೆಯ ಗೆರೆ ಉಳಿದಿದೆ ಎಂದರ್ಥ.

ಹಾಲ್‌ಮಾರ್ಕ್ ವಿಡಿಯೊದ ಉಳಿದ ಅರ್ಧ ಫೋನಿನ ಪರದೆಯ ಮೇಲೆ ನಡೆಯುತ್ತದೆ. ಬಿಐಎಸ್ ಕೇರ್ ಎಂಬ ಸರಕಾರದ ಆ್ಯಪ್ ತೆರೆದು Verify HUID ಒತ್ತಿ ಆರು ಗುರುತುಗಳನ್ನು ಹಾಕಿದರೆ ಒಡವೆ ಯಾವ ಬಗೆಯದು, ಶುದ್ಧತೆ ಎಷ್ಟು, ಯಾವ ಅಂಗಡಿಯ ನೋಂದಣಿ, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು ಎಂಬುದು ಬರುತ್ತದೆ. ಇಲ್ಲಿ ಹೇಳಲೇಬೇಕಾದದ್ದು ಒಂದಿದೆ: ‘ಸರಿ’ ಎಂದು ಬಂದ ಮಾತ್ರಕ್ಕೆ ಮುಗಿಯಲಿಲ್ಲ, ಒಡವೆಯ ಹೆಸರನ್ನೂ ಓದಬೇಕು. ಕೈಯಲ್ಲಿರುವುದು ಸರ, ಪರದೆಯಲ್ಲಿ ಉಂಗುರ ಎಂದು ಬಂದರೆ ಯಾವುದೋ ಉಂಗುರದ ಸಂಖ್ಯೆ ಈ ಸರಕ್ಕೆ ಬಂದಿದೆ; ಅಲ್ಲಿಗೇ ನಿಂತು ಕೇಳಬೇಕು. ಎರಡು ಗ್ರಾಮಿಗಿಂತ ಕಡಿಮೆ ತೂಕದ ಮೂಗುತಿಯಂಥ ಸಣ್ಣ ನಗಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಮೂಗುತಿ ಕೊಂಡವಳು ಮುದ್ರೆ ಇಲ್ಲವೆಂದು ಅನುಮಾನ ಪಡುತ್ತಾಳೆ. ವಿಡಿಯೊಕ್ಕೆ ಅಂಗಡಿಯ ಸ್ವಂತ ನಗವನ್ನೇ ಬಳಸಬೇಕು, ಗಿರಾಕಿಯದ್ದನ್ನಲ್ಲ.

ಈಗಲೂ ಹಿರಿಯರು ‘ಕೆಡಿಎಂ ಬಂಗಾರ ಕೊಡ್ರಿ’ ಎಂದೇ ಕೇಳುತ್ತಾರೆ. ಅದಕ್ಕೂ ಆ ವಾರ ಒಂದು ವಿಡಿಯೊ. ಕೆಡಿಎಂ ಎಂದರೆ ಕ್ಯಾಡ್ಮಿಯಂ ಕೂಡಿಸಿದ ಬೆಸುಗೆ. ಬಂಗಾರದ ಪಾಲು ಹೆಚ್ಚಿದ್ದರೂ ಬೇಗ ಕರಗುತ್ತದೆಂದು ಅದು ನಡೆಯಿತು. ಅದರ ಹೊಗೆ ಬೆಸುಗೆ ಹಾಕುವವರ ಪುಪ್ಪುಸಕ್ಕೆ ವಿಷವೆಂದು ಬಿಟ್ಟರು. ಈ ಮಾತನ್ನು ಸಾವಕಾರರ ಬದಲು ಪತ್ತಾರರ ಬಾಯಲ್ಲಿ ಹೇಳಿಸಬೇಕೆಂದು ಬರೆದೆ.

ಮೂರನೇ ವಾರ ದವನದ ಹುಣ್ಣಿಮೆ ದಾಟುತ್ತದೆ, ಆ ವಾರ ಪತ್ತಾರರದೇ. ಅವರ ಮಣೆಯ ಮುಂದೆ ಕೂತರೆ ಕ್ಯಾಮೆರಾ ಸರಿಸಬೇಕೆನಿಸುವುದಿಲ್ಲ. ಕುಂಪಟೆಯಲ್ಲಿ ಕೆಂಡ, ಪಕ್ಕದಲ್ಲಿ ಮೂಸೆ, ಬಿಳಿಗಾರದ ಪುಡಿ ಇಟ್ಟ ಬಟ್ಟಲು, ಎಳೆ ಎಳೆಯುವ ಕಂಬಚ್ಚಿನ ಸಾಲು ತೂತುಗಳು. ಕಂಬಚ್ಚಿನ ದೊಡ್ಡ ತೂತಿನಿಂದ ಚಿಕ್ಕ ತೂತಿಗೆ ತಂತಿ ದಾಟುವಾಗ ಒಂದು ಕೀರಲು ಸದ್ದು ಬರುತ್ತದೆ, ತಂತಿ ಸಣ್ಣಗಾದಷ್ಟೂ ಅದು ಏರುತ್ತದೆ. ಸುತ್ತಿಗೆಯ ಪೆಟ್ಟು ಬಂಗಾರದ ಮೇಲೆ ಬಿದ್ದಾಗ ಮಂದ, ತಪ್ಪಿ ಅಡಿಗಲ್ಲಿಗೆ ತಾಗಿದಾಗ ಮೊನಚು. ಈ ವಿಡಿಯೊಗಳಿಗೆ ಹಾಡು ಬೇಡ, ಈ ಸದ್ದೇ ಸಾಕು ಎಂದು ಬರೆಯಲು ಇನ್ನೊಂದು ಕಾರಣವೂ ಇದೆ. ಇನ್‌ಸ್ಟಾಗ್ರಾಂನಲ್ಲಿ ವ್ಯಾಪಾರದ ಖಾತೆಗೆ ಸಿನಿಮಾ ಹಾಡುಗಳ ಹಕ್ಕು ಸಿಗುವುದಿಲ್ಲ. ಹೇಗೋ ಹಚ್ಚಿದರೆ ಮುಂದೆ ಸದ್ದೇ ಕಿತ್ತು ಮೂಕ ವಿಡಿಯೊ ಉಳಿಯುತ್ತದೆ.

ಆ ವಾರದ ಒಂದು ವಿಡಿಯೊ ಬೋರಮಾಳದ್ದು. ನಮ್ಮ ಕಡೆ ಅದಿಲ್ಲದೆ ಮದುವೆಯಿಲ್ಲ. ಬೋರೆಹಣ್ಣಿನಾಕಾರದ ಗುಂಡುಗಳ ಸಾಲು, ನೋಡಲು ದಪ್ಪ. ಪತ್ತಾರರು ಒಂದು ಹಳೆಯ ಗುಂಡನ್ನು ಚಿಮ್ಮಟಿಗೆಯಲ್ಲಿ ಹಿಡಿದು ಕೆಂಡದ ಮೇಲೆ ತೋರಿಸಿದರು. ತೂತಿನ ಅಂಚಿನಲ್ಲಿ ಕಂದು ಬಣ್ಣದ ಹನಿ ಮೂಡಿ, ಊದಿಕೊಂಡು, ಜಿನುಗಿತು. ಅರಗು. ತೆಳು ತಗಡಿನ ಗುಂಡು ತಗ್ಗು ಬೀಳದಿರಲೆಂದು ಒಳಗೆ ತುಂಬಿದ್ದು. ಮೋಸವಲ್ಲ, ಅದು ಕೆಲಸದ ರೀತಿ. ಬಿಲ್ಲಿನಲ್ಲಿ ಅರಗಿಗೆ ಬಂಗಾರದ ದರ ಹಚ್ಚಿದರೆ ಮಾತ್ರ ಮೋಸ. ಆದ್ದರಿಂದ ವಿಡಿಯೊ ತೋರಿಸಬೇಕಾದದ್ದು ಬಿಲ್ಲಿನ ಎರಡು ಮನೆಗಳನ್ನು: ಒಟ್ಟು ತೂಕ, ನಿವ್ವಳ ತೂಕ. 30 ಗ್ರಾಮಿನ ಸರದಲ್ಲಿ ಅರಗು, ದಾರ ಕೂಡಿ 6 ಗ್ರಾಂ ಇದ್ದರೆ ಬಂಗಾರದ ಲೆಕ್ಕ 24ಕ್ಕೆ. ಕಲ್ಲಿನ ಉಂಗುರಕ್ಕೂ ಇದೇ ಮಾತು. ಹಳೆ ಬೋರಮಾಳ ಕರಗಿಸಿದಾಗ ತೂಕ ಇಳಿಯುವುದಕ್ಕೂ ಇದೇ ಕಾರಣ. ಅಂಗಡಿಯವರು ಕದ್ದರೆಂದು ಮನಸ್ಸಿನಲ್ಲೇ ನೊಂದುಕೊಂಡು ಹೋದ ಎಷ್ಟೋ ಹೆಣ್ಣುಮಕ್ಕಳಿಗೆ ಆ ಕಂದು ಹನಿಯನ್ನು ಯಾರೂ ತೋರಿಸಿರಲಿಕ್ಕಿಲ್ಲ.

ಇನ್ನೊಂದು ತಾಂಡಾದ್ದು. ಚಿತ್ತಾಪುರ, ಚಿಂಚೋಳಿ ಕಡೆಯ ಲಂಬಾಣಿ ತಾಂಡಾಗಳಿಂದ ಹಿರಿಯ ಹೆಂಗಸರು ಘುಗ್ರಿ, ಟೋಪ್ಲಿ, ಹಾಂಸಲಿಗಳನ್ನು ಬೆಸುಗೆ ಹಾಕಿಸಲು ತರುತ್ತಾರೆ. ಒಪ್ಪಿದವರೊಬ್ಬರು ತಮ್ಮ ಬೆಳ್ಳಿಯ ಹೆಸರುಗಳನ್ನು ತಮ್ಮ ಮಾತಿನಲ್ಲೇ ಹೇಳಲಿ, ಕೆಳಗೆ ಕನ್ನಡದಲ್ಲಿ ಬರಹ ಬರಲಿ. ಎಳೆಯ ಹುಡುಗಿಗೆ ಆ ಉಡುಗೆ ತೊಡಿಸಿ ಕುಣಿಸುವುದು ಬೇಡವೆಂದು ಸ್ಪಷ್ಟವಾಗಿ ಬರೆದೆ. ಅದು ಅವರ ಮೈಮೇಲಿನ ಬದುಕು, ಅಂಗಡಿಯ ವೇಷವಲ್ಲ. ಹಾಗೆಯೇ ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ. ನಮ್ಮ ಊರುಗಳ ದೊಡ್ಡ ಹಬ್ಬ. ಆ ದಿನ ಮಾರಾಟದ ವಿಡಿಯೊ ಹಾಕದೆ ಬಿಡುವುದು ಸರಿ.

ಕೊನೆಯ ವಾರ ಬೆಳ್ಳಿ ಕರಡಿಗೆ. ಸಾವಕಾರರು ಇದನ್ನು ನಿರೀಕ್ಷಿಸಿರಲಿಲ್ಲ. ಅಕ್ಷಯ ತದಿಗೆಗೆ ಬಂಗಾರದ ನಾಣ್ಯವನ್ನೇ ಮುಂದಿಡಬೇಕೆಂದಿದ್ದರು. ಆದರೆ ಬಸವ ಜಯಂತಿಯ ಆಸುಪಾಸು ಈ ಸೀಮೆಯ ಲಿಂಗಾಯತ ಮನೆಗಳಲ್ಲಿ ಕೂಸಿಗೆ ಲಿಂಗಧಾರಣೆಯ ಮಾತು ಬರುತ್ತದೆ, ಸೋದರಮಾವ ಕರಡಿಗೆ ಕೊಡಿಸಲು ಹೊರಡುತ್ತಾನೆ. ಬಂಗಾರ ಕೈಗೆಟುಕದವರೂ ಅಂಗಡಿಯ ಮೆಟ್ಟಿಲೇರುವುದು ಆಗ. ವಿಡಿಯೊದಲ್ಲಿ ಮುಚ್ಚಳದ ಕೀಲು ತೋರಿಸಬೇಕು, ಯಾಕೆಂದರೆ ಕರಡಿಗೆ ಮೊದಲು ಕೈಕೊಡುವುದು ಅಲ್ಲೇ. ಕೀಲಿನ ಕಡ್ಡಿ ತೆಳುವಾಗಿದ್ದರೆ ದಿನಾ ತೆರೆದು ಮುಚ್ಚುವಾಗ ಸವೆದು ಮುಚ್ಚಳ ಓರೆಯಾಗುತ್ತದೆ. ಶಿವದಾರ ಹಾಯುವ ಬಳೆಯ ಒಳ ಅಂಚು ನುಣ್ಣಗಿರದಿದ್ದರೆ ದಾರ ಕತ್ತರಿಸುತ್ತದೆ. ಪತ್ತಾರರು ಅದರೊಳಗೆ ಹತ್ತಿಯ ಎಳೆ ಹಾಯಿಸಿ ಎಳೆಯಲಿ, ಸಿಕ್ಕಿದರೆ ಅಂಚು ಒರಟು. ಬೆಳ್ಳಿಗೂ 2025ರ ಸೆಪ್ಟೆಂಬರಿನಿಂದ ಎಚ್‌ಯುಐಡಿ ಇರುವ ಹಾಲ್‌ಮಾರ್ಕ್ ಬಂದಿದೆ, ಕಡ್ಡಾಯವಲ್ಲ. ಅಂಗಡಿಯಲ್ಲಿ ಅಂಥದ್ದು ಇದ್ದರೆ ತೋರಿಸಲಿ. ಒಂದು ಕಟ್ಟುನಿಟ್ಟು: ಕ್ಯಾಮೆರಾದ ಮುಂದೆ ಖಾಲಿ ಕರಡಿಗೆ ಮಾತ್ರ. ಇಷ್ಟಲಿಂಗವನ್ನು ಸರಕಿನ ಜೊತೆ ತೋರಿಸಬಾರದು. ಬಸವಣ್ಣನ ಚಿತ್ರದ ಕೆಳಗೆ ಮಜೂರಿ ರಿಯಾಯಿತಿ ಬರೆಯಬಾರದು. ಹಬ್ಬದ ದಿನದ ಹದಿಮೂರನೇ ವಿಡಿಯೊದಲ್ಲಿ ಮಾರಾಟದ ಒಂದು ಮಾತೂ ಇಲ್ಲ, ಊರ ಎತ್ತುಗಳ ಕೊರಳ ಗಂಟೆಯ ಸದ್ದು ಮತ್ತು ಅಂಗಡಿಯ ಹೆಸರು, ಅಷ್ಟೇ.

ಸಾವಕಾರರ ಮಗಳು ಬಂದು ಟಿಪ್ಪಣಿ ತಿರುವಿದಳು. ‘ಸೇಡಂ, ಚಿಂಚೋಳಿ ಕಡಿಯವ್ರಿಗೆ ತೆಲುಗು ಬೇಕಾಗ್ತದ, ಶಹಾಬಾದದಾಗ ಉರ್ದು ಮಾತಾಡೋರು ಭಾಳ ಅದಾರ. ಅವರಿಗೇನ್ರಿ ಅಣ್ಣಾ?’ ಸರಿಯಾದ ಪ್ರಶ್ನೆ. ಮಾತು ಕಲಬುರಗಿ ಕನ್ನಡದಲ್ಲೇ ಇರಲಿ, ಅಕ್ಷರ ಕನ್ನಡದಲ್ಲಿ ಬರಲಿ, ಬಿಲ್ಲು ಮತ್ತು ಹಾಲ್‌ಮಾರ್ಕ್ ವಿಡಿಯೊಗಳಿಗೆ ಮಾತ್ರ ದಖನಿಯಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ದನಿ ಕೊಡೋಣ ಎಂದು ಇಬ್ಬರೂ ಕೂಡಿ ಸೇರಿಸಿದೆವು. ಮೂರೂ ಮಾತು ಅವಳಿಗೇ ಬರುತ್ತಿತ್ತು. ಎಷ್ಟೋ ಜನ ಫೋನಿನ ದನಿ ಮುಚ್ಚಿಟ್ಟು ನೋಡುವುದರಿಂದ ಅಕ್ಷರ ದೊಡ್ಡದಿರಬೇಕು. ಪರದೆಯ ತೀರ ಕೆಳಗೂ ಬಲ ಅಂಚಿಗೂ ಗುಂಡಿಗಳು ಬರುವುದರಿಂದ ಬರಹವನ್ನು ನಡುವಿಗೇ ಹಿಡಿಯಬೇಕು.

ಕಡೆಯ ಪುಟದಲ್ಲಿ ಹಣದ ಮಾತಿಗಿಂತ ಮೊದಲು ಕೆಲವು ಷರತ್ತು ಹಾಕಿದೆ. ಖಾತೆ ಅಂಗಡಿಯ ಫೋನ್ ಸಂಖ್ಯೆಯಲ್ಲೇ ತೆರೆಯಬೇಕು, ನನ್ನದರಲ್ಲಿ ಅಲ್ಲ. ವಿಡಿಯೊ ಮಾಡುವ ಹುಡುಗ ಊರು ಬಿಟ್ಟರೆ ಖಾತೆಯೂ ಹೋದ ಅಂಗಡಿಗಳು ಇವೆ. ಮತ್ತು ತಿಜೋರಿ, ಹಿಂಬಾಗಿಲು, ರಾತ್ರಿ ಮುಚ್ಚುವ ಹೊತ್ತು, ಸರಕು ತರುವ ದಿನ ಯಾವ ವಿಡಿಯೊದಲ್ಲೂ ಬರಬಾರದು. ಚಿತ್ರೀಕರಣದ ದಿನವೇ ವಿಡಿಯೊ ಹಾಕಬಾರದು. ಗಿರಾಕಿಯ ಮುಖ ಬರುವುದಾದರೆ ಅವರಿಗೆ ತೋರಿಸಿ, ಒಪ್ಪಿಗೆ ಪಡೆದು, ಮದುವೆ ಮುಗಿದ ಮೇಲೆ. ಮದುವೆಗೆ ಮೊದಲೇ ಹಾಕಿದರೆ ಆ ಮನೆಯಲ್ಲಿ ಎಷ್ಟು ಬಂಗಾರ ಬಂದಿದೆ ಎಂದು ಊರಿಗೆಲ್ಲ ಸಾರಿದಂತೆ.

‘ಎಷ್ಟ್ ಮಂದಿ ನೋಡಿದ್ರ ಚಲೋ ಆತು ಅಂತ ತಿಳೀಬೇಕ್ರಿ?’ ಸಾವಕಾರರು ಕೇಳಿದರು. ಎಣಿಕೆಯನ್ನು ಫೋನಿನಲ್ಲಿ ಇಡಬೇಡಿ ಎಂದೆ. ಎಲ್ಲೋ ದೂರದ ಊರಿನವರು ಸಾವಿರ ಸಲ ನೋಡಿದರೂ ಭಂಕೂರದ ಒಬ್ಬರು ಬರುವುದಿಲ್ಲ. ತೂಕದ ಯಂತ್ರದ ಪಕ್ಕ ಒಂದು ವಹಿ ಇಟ್ಟು, ವಿಡಿಯೊ ನೋಡಿದೆವೆಂದು ಬಂದವರು ಯಾವ ಊರಿನವರು, ಏನು ಕೇಳಿದರು ಎಂದು ಒಂದೊಂದು ಸಾಲು ಬರೆಯಬೇಕು. ಅದು ತಿಂಗಳ ಕೊನೆಗೆ ಮುಂದಿನ ತಿಂಗಳ ಟಿಪ್ಪಣಿಯಾಗುತ್ತದೆ. ಅದೂ ಕೂಡಲೇ ಬೇಡ. ಬಸವ ಜಯಂತಿ ದಾಟಿದ ಮೇಲೆ ವೈಶಾಖದ ಲಗ್ನಗಳ ಗದ್ದಲದಲ್ಲಿ ಪತ್ತಾರರಿಗೆ ತಲೆ ಎತ್ತಲು ಬಿಡುವಿರುವುದಿಲ್ಲ. ಹದಿನೈದು ದಿನ ದರದ ಸ್ಟೇಟಸ್ಸು ಬಿಟ್ಟು ಬೇರೇನೂ ಬೇಡ.

ಸಾವಕಾರರು ವಹಿಯನ್ನು ಆಗಲೇ ತೆಗೆದರು, ಮೊದಲ ಹಾಳೆಯ ಮೇಲೆ ಅರಿಷಿಣ ಕುಂಕುಮ ಹಚ್ಚಿದರು. ಆಮೇಲೆ ಟಿಪ್ಪಣಿಯಲ್ಲಿ ಮಜೂರಿ ಶೇಕಡಾ 10 ಎಂದಿದ್ದ ಕಡೆ ಪೆನ್ನಿಟ್ಟು, ‘ಸಾದಾ ಸರಕ್ಕ ಎಂಟು ಬರೀರಿ, ನಾವು ಅಷ್ಟಾ ಹಚ್ಚೋದು. ಲೆಕ್ಕ ಮತ್ತೊಮ್ಮಿ ಮಾಡ್ರಿ’ ಎಂದರು. 80,000ಕ್ಕೆ 6,400, ಕೂಡಿ 86,400, ತೆರಿಗೆ 2,592, ಒಟ್ಟು 88,992. ತಿದ್ದಿ ಬರೆದುಕೊಟ್ಟೆ.